61ನೆಯ ದಿನದ ಬೆಳಿಗ್ಗೆ: ಆರೋಪಪಟ್ಟಿ ತಡವಾದಾಗ ಸಿಗುವ ಜಾಮೀನು

ಮನೆಯ ಮಗನನ್ನೋ ಅಣ್ಣನನ್ನೋ ಪೊಲೀಸರು ಬಂಧಿಸಿದಾಗ ಮನೆಯವರು ವಕೀಲರಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಜಾಮೀನು ಯಾವಾಗ ಸಿಗುತ್ತದೆ? ಸಾಮಾನ್ಯ ಜಾಮೀನು ಅರ್ಜಿಯಲ್ಲಿ ನ್ಯಾಯಾಧೀಶರು ಆರೋಪದ ಗಂಭೀರತೆ, ಸಾಕ್ಷ್ಯ, ಆರೋಪಿಯ ಹಿನ್ನೆಲೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಕೊಡಲೂಬಹುದು, ನಿರಾಕರಿಸಲೂಬಹುದು. ಆದರೆ ಇವು ಯಾವುದನ್ನೂ ನೋಡದೆ ಕ್ಯಾಲೆಂಡರನ್ನು ಮಾತ್ರ ನೋಡಿ ಕೊಡಬೇಕಾದ ಇನ್ನೊಂದು ಜಾಮೀನು ಇದೆ. ಕಾನೂನು ನಿಗದಿ ಮಾಡಿದ ದಿನಗಳೊಳಗೆ ತನಿಖಾಧಿಕಾರಿ ಆರೋಪಪಟ್ಟಿ, ಅಂದರೆ ಚಾರ್ಜ್‌ಶೀಟ್, ಸಲ್ಲಿಸದಿದ್ದರೆ ಜೈಲಿನಲ್ಲಿರುವ ವ್ಯಕ್ತಿಗೆ ಬಿಡುಗಡೆ ಕೇಳುವ ಹಕ್ಕು ಹುಟ್ಟುತ್ತದೆ. ನ್ಯಾಯಾಲಯಗಳಲ್ಲಿ ಇದನ್ನು ಡೀಫಾಲ್ಟ್ ಜಾಮೀನು ಎನ್ನುತ್ತಾರೆ.

ಈ ಹಕ್ಕಿನ ಸ್ವಭಾವ ವಿಚಿತ್ರವಾದುದು. ಅದು ಬಹಳ ಗಟ್ಟಿಯಾದದ್ದು, ಆದರೆ ಅದರ ಆಯುಷ್ಯ ಬಹಳ ಕಡಿಮೆ. ಗಡುವು ಮುಗಿದ ಕ್ಷಣ ಹುಟ್ಟುತ್ತದೆ, ಆರೋಪಪಟ್ಟಿ ನ್ಯಾಯಾಲಯ ತಲುಪಿದ ಕ್ಷಣ ಸಾಯುತ್ತದೆ. ನಡುವಿನ ಅವಧಿಯಲ್ಲಿ ಅರ್ಜಿ ಹಾಕಿದವನಿಗೆ ಮಾತ್ರ ಅದು ದಕ್ಕುತ್ತದೆ. ಆ ಅವಧಿ ಕೆಲವೊಮ್ಮೆ ಕೆಲವೇ ಗಂಟೆಗಳದ್ದು. ಆದ್ದರಿಂದ ದಿನ ಎಣಿಸುವುದು ಹೇಗೆ, ಅರ್ಜಿ ಯಾವಾಗ ಹಾಕಬೇಕು ಎಂಬುದು ವಕೀಲರಿಗಷ್ಟೇ ಅಲ್ಲ, ಮನೆಯವರಿಗೂ ತಿಳಿದಿರಬೇಕು.

60 ದಿನವೋ, 90 ದಿನವೋ?

2024ರ ಜುಲೈ 1ರವರೆಗೆ ಈ ನಿಯಮ ಅಪರಾಧ ಪ್ರಕ್ರಿಯಾ ಸಂಹಿತೆಯ 167(2)ನೆಯ ಸೆಕ್ಷನ್‌ನಲ್ಲಿತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3)ನೆಯ ಸೆಕ್ಷನ್‌ನಲ್ಲಿದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತನಿಖೆಗೆ 90 ದಿನಗಳ ಕಾಲಾವಕಾಶ. ಉಳಿದ ಅಪರಾಧಗಳಲ್ಲಿ 60 ದಿನ. ಈ ದಿನಗಳು ಮುಗಿದ ಮೇಲೆ ಮ್ಯಾಜಿಸ್ಟ್ರೇಟರಿಗೆ ಆರೋಪಿಯನ್ನು ಅದೇ ತನಿಖೆಗಾಗಿ ಬಂಧನದಲ್ಲಿಡುವ ಅಧಿಕಾರವೇ ಇರುವುದಿಲ್ಲ. ಆತ ಜಾಮೀನು ಕೊಡಲು ಸಿದ್ಧನಿದ್ದು, ಕೊಟ್ಟರೆ, ಬಿಡಲೇಬೇಕು.

ಹಾಗಾಗಿ ಎಫ್‌ಐಆರ್ ಪ್ರತಿ ಕೈಗೆ ಬಂದ ದಿನವೇ ಅದರಲ್ಲಿರುವ ಸೆಕ್ಷನ್‌ಗಳಿಗೆ ಎಷ್ಟು ಶಿಕ್ಷೆ ಎಂದು ವಕೀಲರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ ಭಾರತೀಯ ನ್ಯಾಯ ಸಂಹಿತೆಯ 318(4)ನೆಯ ಸೆಕ್ಷನ್‌ನ ವಂಚನೆಗೆ ಗರಿಷ್ಠ 7 ವರ್ಷ ಶಿಕ್ಷೆ; ಅಲ್ಲಿ ಗಡುವು 60 ದಿನ. ಕೊಲೆ ಪ್ರಕರಣದಲ್ಲಿ 90 ದಿನ. ತನಿಖೆಯ ನಡುವೆ ಪೊಲೀಸರು ಹೆಚ್ಚಿನ ಶಿಕ್ಷೆಯ ಹೊಸ ಸೆಕ್ಷನ್ ಸೇರಿಸಿದ್ದಾರೆಯೇ ಎಂಬುದನ್ನೂ ಪ್ರತಿ ರಿಮಾಂಡ್‌ ದಿನ ವಿಚಾರಿಸಬೇಕು. ಅದರಿಂದ 60 ಇದ್ದದ್ದು 90 ಆಗಬಹುದು.

ಗೊಂದಲ ಹುಟ್ಟುವುದು ಶಿಕ್ಷೆ "10 ವರ್ಷಗಳವರೆಗೆ" ಎಂದಿರುವ ಸೆಕ್ಷನ್‌ಗಳಲ್ಲಿ. 2017ರಲ್ಲಿ ಅಸ್ಸಾಮಿನ ರಾಕೇಶ್ ಕುಮಾರ್ ಪೌಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯ ಅಡಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕನಿಷ್ಠ ಶಿಕ್ಷೆಯೇ 10 ವರ್ಷ ಇದ್ದರೆ 90 ದಿನ. ಕನಿಷ್ಠ ಕಡಿಮೆಯಿದ್ದು ಗರಿಷ್ಠ ಮಾತ್ರ 10 ವರ್ಷ ಇದ್ದರೆ 60 ದಿನ ಎಂದು ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ತೀರ್ಪಿತ್ತರು. ಹೊಸ ಕಾಯ್ದೆಯಲ್ಲಿ ಪದಗಳು ಕೊಂಚ ಬದಲಾಗಿವೆ. ಇಂಥ ಸೆಕ್ಷನ್ ಇರುವಲ್ಲಿ 90ಕ್ಕೆ ಕಾಯದೆ 60 ಮುಗಿದೊಡನೆ ಅರ್ಜಿ ಹಾಕುವುದೇ ಕ್ಷೇಮ. ಅದು ತಿರಸ್ಕೃತವಾದರೂ 90 ಮುಗಿದ ಮೇಲೆ ಮತ್ತೊಂದು ಅರ್ಜಿ ಹಾಕಲು ಅಡ್ಡಿಯಿಲ್ಲ.

ಎಣಿಕೆ ಎಲ್ಲಿಂದ?

ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಲೀಂ ಎಂಬ ಯುವಕನನ್ನು ವಂಚನೆ ಪ್ರಕರಣದಲ್ಲಿ ಮಾರ್ಚ್ 2ರ ಸಂಜೆ ಬಂಧಿಸಿದರು ಎಂದಿಟ್ಟುಕೊಳ್ಳಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾದ್ದರಿಂದ ಮಾರ್ಚ್ 3ರಂದು ಹಾಜರುಪಡಿಸಿದರು. ಮ್ಯಾಜಿಸ್ಟ್ರೇಟರು 3 ದಿನ ಪೊಲೀಸ್ ಕಸ್ಟಡಿಗೆ ಕೊಟ್ಟರು, ಆಮೇಲೆ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರು. ಇಲ್ಲಿ ಗಡುವು 60 ದಿನ.

ಸಲೀಂನ ತಾಯಿ ಬಂಧನದ ದಿನದಿಂದ ಎಣಿಸುತ್ತಾರೆ. ಮಾರ್ಚ್ 2 ಒಂದನೆಯ ದಿನವಾದರೆ 60ನೆಯ ದಿನ ಏಪ್ರಿಲ್ 30. ಮೇ 1ಕ್ಕೆ ಅರ್ಜಿ ಹಾಕಬಹುದು ಎಂಬುದು ಅವರ ಲೆಕ್ಕ. ಆದರೆ ಎಣಿಕೆ ಶುರುವಾಗುವುದು ಬಂಧನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಬಾರಿ ರಿಮಾಂಡ್ ಆದೇಶ ಮಾಡಿದ ದಿನದಿಂದ. 1986ರಲ್ಲಿ ಚಾಗಂಟಿ ಸತ್ಯನಾರಾಯಣ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ತಾಯಿಯ ಲೆಕ್ಕದಂತೆ ಹಾಕಿದ ಅರ್ಜಿ ಒಂದು ದಿನ ಮೊದಲಾಯಿತು. ಹಕ್ಕು ಹುಟ್ಟುವ ಮೊದಲೇ ಹಾಕಿದ ಅರ್ಜಿಗೆ ಬೆಲೆ ಇಲ್ಲ.

ಸಲೀಂನ ಮಾವ ಪೊಲೀಸ್ ಕಸ್ಟಡಿಯ ಮೂರು ದಿನ ಬಿಟ್ಟು, ಜೈಲಿಗೆ ಹೋದ ದಿನದಿಂದ ಎಣಿಸುತ್ತಾರೆ. ಅದೂ ಸರಿಯಲ್ಲ. ಪೊಲೀಸ್ ಕಸ್ಟಡಿ, ನ್ಯಾಯಾಂಗ ಬಂಧನ ಎರಡೂ ಸೇರಿಯೇ 60 ಅಥವಾ 90 ದಿನ.

ಇನ್ನು ಮೂರನೆಯವರು ರಿಮಾಂಡ್ ಆದ ದಿನವನ್ನು ಬಿಟ್ಟು ಮರುದಿನ, ಅಂದರೆ ಮಾರ್ಚ್ 4ರಿಂದ ಎಣಿಸುತ್ತಾರೆ. ಆಗ 60ನೆಯ ದಿನ ಮೇ 2 ಆಗುತ್ತದೆ. ಹಿಂದೆ ನ್ಯಾಯಾಲಯಗಳಲ್ಲೂ ಈ ಬಗ್ಗೆ ಎರಡು ಅಭಿಪ್ರಾಯವಿತ್ತು. 2023ರ ಮಾರ್ಚ್ 27ರಂದು ಜಾರಿ ನಿರ್ದೇಶನಾಲಯ ಮತ್ತು ಕಪಿಲ್ ವಾಧವನ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ತೆರೆ ಎಳೆಯಿತು. ರಿಮಾಂಡ್ ಆದ ದಿನವನ್ನೂ ಸೇರಿಸಿಯೇ ಎಣಿಸಬೇಕು.

ಸರಿಯಾದ ಲೆಕ್ಕ ಹೀಗೆ: ಮಾರ್ಚ್ 3 ಒಂದನೆಯ ದಿನ. ಮಾರ್ಚ್ 31ಕ್ಕೆ 29 ದಿನ, ಏಪ್ರಿಲ್ 30ಕ್ಕೆ 59 ದಿನ, ಮೇ 1ಕ್ಕೆ 60 ದಿನ. ಮೇ 1 ಮುಗಿಯುವವರೆಗೆ ಆರೋಪಪಟ್ಟಿ ಬರದಿದ್ದರೆ ಮೇ 2ರ ಬೆಳಿಗ್ಗೆ ಸಲೀಂಗೆ ಹಕ್ಕು ಇದೆ. ತಿಂಗಳ ಲೆಕ್ಕ ಇಲ್ಲಿ ನಡೆಯದು. "ಎರಡು ತಿಂಗಳಾಯಿತು" ಎಂದು ಮೇ 3ರವರೆಗೆ ಕಾದರೆ ಒಂದು ಅಮೂಲ್ಯ ದಿನ ಕೈಬಿಟ್ಟಂತೆ.

ಈ ಉದಾಹರಣೆಯಲ್ಲಿ 60ನೆಯ ದಿನ ಕಾರ್ಮಿಕರ ದಿನಾಚರಣೆಯ ರಜೆ. ರಜೆ ಬಂದರೆ ಪೊಲೀಸರಿಗೆ ಒಂದು ದಿನ ಹೆಚ್ಚು ಸಿಗುತ್ತದೆ ಎಂಬ ಮಾತು ಕೇಳಿಬರುವುದುಂಟು. ಆದರೆ ಇದು ಒಬ್ಬ ಮನುಷ್ಯನನ್ನು ಎಷ್ಟು ದಿನ ಬಂಧನದಲ್ಲಿಡಬಹುದು ಎಂಬುದರ ಮಿತಿ. ರಜೆಯ ಕಾರಣಕ್ಕೆ ಅದು ಹಿಗ್ಗುವುದಿಲ್ಲ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಅರ್ಜಿಗಳ ಕಾಲಮಿತಿಯನ್ನು ವಿಸ್ತರಿಸಿತ್ತು. ಆಗಲೂ ಆರೋಪಪಟ್ಟಿಯ ಗಡುವಿಗೆ ಆ ವಿಸ್ತರಣೆ ಅನ್ವಯಿಸದು ಎಂದು 2020ರ ಜೂನ್‌ನಲ್ಲಿ ಎಸ್. ಕಾಸಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಆ ಬೆಳಿಗ್ಗೆ ಏನು ಮಾಡಬೇಕು?

ಗಡುವು ಮುಗಿಯುವ ವಾರಕ್ಕೆ ಮೊದಲೇ ವಕೀಲರ ಬಳಿ ಅರ್ಜಿ ಸಿದ್ಧವಿರಬೇಕು. ಅದು ದೊಡ್ಡ ಅರ್ಜಿಯಲ್ಲ. ಪೊಲೀಸ್ ಠಾಣೆಯ ಹೆಸರು, ಅಪರಾಧ ಸಂಖ್ಯೆ, ಸೆಕ್ಷನ್‌ಗಳು, ಮೊದಲ ರಿಮಾಂಡ್ ಆದ ದಿನಾಂಕ, ಇಂದಿಗೆ ಎಷ್ಟನೆಯ ದಿನ, ಆರೋಪಪಟ್ಟಿ ಇನ್ನೂ ಬಂದಿಲ್ಲ ಎಂಬ ಮಾತು, ಮತ್ತು ನ್ಯಾಯಾಲಯ ಹೇಳುವ ಜಾಮೀನು ಕೊಡಲು ತಾನು ಸಿದ್ಧ ಎಂಬ ಮಾತು. ಇಷ್ಟಿದ್ದರೆ ಸಾಕು. ಮಗ ನಿರಪರಾಧಿ, ಮನೆಗೆ ಅವನೇ ಆಧಾರ ಎಂಬ ವಿವರಣೆ ಇಲ್ಲಿ ಅಗತ್ಯವಿಲ್ಲ. ಏಕೆಂದರೆ ನ್ಯಾಯಾಲಯ ಅದನ್ನು ನೋಡುವುದೇ ಇಲ್ಲ.

61ನೆಯ ಅಥವಾ 91ನೆಯ ದಿನ ನ್ಯಾಯಾಲಯದ ಕಚೇರಿ ತೆರೆದ ಕೂಡಲೇ ಆರೋಪಪಟ್ಟಿ ಬಂದಿದೆಯೇ ಎಂದು ವಿಚಾರಿಸಿ, ಬಂದಿಲ್ಲವಾದರೆ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ದಿನಾಂಕದ ಜೊತೆಗೆ ಸಮಯವನ್ನೂ ಬರೆಸಿಕೊಳ್ಳಬೇಕು. ಈ ಸಮಯಕ್ಕೆ ಏಕಿಷ್ಟು ಬೆಲೆ ಎಂಬುದನ್ನು 2020ರ ಅಕ್ಟೋಬರ್‌ನಲ್ಲಿ ಬಂದ ಎಂ. ರವೀಂದ್ರನ್ ಪ್ರಕರಣದ ತೀರ್ಪು ತೋರಿಸುತ್ತದೆ. ಅದು ಮಾದಕ ವಸ್ತು ಪ್ರಕರಣ. ಅಲ್ಲಿ ಗಡುವು 180 ದಿನ. ಗಡುವು ಮುಗಿದ ಮರುದಿನ ಆರೋಪಿ ಅರ್ಜಿ ಹಾಕಿದ. ಆದೇಶ ಹೊರಬೀಳುವ ಮೊದಲೇ ಅದೇ ದಿನ ತನಿಖಾ ಸಂಸ್ಥೆ ಹೆಚ್ಚುವರಿ ದೂರು ತಂದು ಸಲ್ಲಿಸಿತು. ಅರ್ಜಿ ಮೊದಲು ಬಂದಿದೆ, ಹಾಗಾಗಿ ಹಕ್ಕು ಗಟ್ಟಿಯಾಗಿದೆ. ಆಮೇಲೆ ಏನು ಸಲ್ಲಿಸಿದರೂ ಅದು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅರ್ಜಿಯ ವಿಚಾರಣೆಯನ್ನು ಮರುದಿನಕ್ಕೆ ಮುಂದೂಡಿದರೂ ಇದೇ ಮಾತು ಅನ್ವಯಿಸುತ್ತದೆ.

ವಕೀಲರೇ ಇಲ್ಲದಿದ್ದರೆ? ರಿಮಾಂಡ್‌ಗೆ ಹಾಜರುಪಡಿಸಿದಾಗ, ವೀಡಿಯೊ ಮೂಲಕವಾದರೂ, ಆರೋಪಿ ತಾನೇ ಬಾಯಿಮಾತಿನಲ್ಲಿ ಕೇಳಬಹುದು. ಅರ್ಜಿ ಬರವಣಿಗೆಯಲ್ಲೇ ಇರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. ಹಕ್ಕು ಹುಟ್ಟಿದ್ದನ್ನು ಆರೋಪಿಗೆ ತಿಳಿಸುವುದು ನ್ಯಾಯಾಲಯದ ಕರ್ತವ್ಯವೆಂದೂ ಹೇಳಿದೆ. ಆದರೂ ಅದನ್ನೇ ನಂಬಿ ಕೂರಬಾರದು. ಬಂಧನದಲ್ಲಿರುವ ಯಾರೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಅರ್ಹರು. ತಾಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ ಕೇಳಬಹುದು.

ಒಬ್ಬರಿಗೆ ಸಿಕ್ಕಿತು, ಎಂಟು ಮಂದಿಗೆ ಸಿಗಲಿಲ್ಲ

ಕೇಳದಿದ್ದರೆ ಈ ಹಕ್ಕು ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2021ರ ಡಿಸೆಂಬರ್ 1ರಂದು ಕೊಟ್ಟ ತೀರ್ಪು ಕಣ್ಣಮುಂದಿದೆ. ಅದು ಯುಎಪಿಎ ಪ್ರಕರಣ. ಆ ಕಾಯ್ದೆಯಲ್ಲಿ 90 ದಿನಗಳ ಗಡುವನ್ನು ನ್ಯಾಯಾಲಯ 180 ದಿನಗಳವರೆಗೆ ವಿಸ್ತರಿಸಬಹುದು. ಪುಣೆಯ ನ್ಯಾಯಾಧೀಶರು ಹಾಗೆ ವಿಸ್ತರಿಸಿದ್ದರು. ಆದರೆ ವಿಸ್ತರಿಸುವ ಅಧಿಕಾರವೇ ಆ ನ್ಯಾಯಾಲಯಕ್ಕೆ ಇರಲಿಲ್ಲ ಎಂದು ಹೈಕೋರ್ಟ್ ಕಂಡುಕೊಂಡಿತು. ಗಡುವು ಮುಗಿದಾಗ ಅರ್ಜಿ ಹಾಕಿದ್ದ ವಕೀಲೆ ಸುಧಾ ಭಾರದ್ವಾಜ್ ಅವರಿಗೆ ಜಾಮೀನು ಸಿಕ್ಕಿತು. ಅದೇ ಪ್ರಕರಣದ ಬೇರೆ ಎಂಟು ಮಂದಿಗೆ ಸಿಗಲಿಲ್ಲ. ಅವರು ತಕ್ಕ ಸಮಯದಲ್ಲಿ ಈ ಹಕ್ಕನ್ನು ಕೇಳಿ ಪಡೆದಿರಲಿಲ್ಲ ಎಂಬುದೇ ನ್ಯಾಯಾಲಯ ಕೊಟ್ಟ ಕಾರಣ.

ಒಂದೇ ಪ್ರಕರಣದಲ್ಲಿ ಹತ್ತು ಮಂದಿ ಜೈಲಿನಲ್ಲಿದ್ದರೆ ಒಬ್ಬರ ಅರ್ಜಿಯಿಂದ ಉಳಿದ ಒಂಬತ್ತು ಮಂದಿಗೆ ಉಪಯೋಗವಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ರಿಮಾಂಡ್ ದಿನಾಂಕ ನೋಡಿ ತಮ್ಮ ತಮ್ಮ ಅರ್ಜಿ ಹಾಕಬೇಕು. ಬೇರೆ ಬೇರೆ ದಿನ ಬಂಧಿತರಾದವರ ಗಡುವೂ ಬೇರೆ ಬೇರೆ.

ಗಡುವು ವಿಸ್ತರಿಸಿದ್ದಾರೆಂದು ಹೇಳಿದರೆ

ಸಾಮಾನ್ಯ ಪ್ರಕರಣಗಳಲ್ಲಿ 60 ಮತ್ತು 90 ದಿನಗಳನ್ನು ಯಾವ ನ್ಯಾಯಾಲಯವೂ ವಿಸ್ತರಿಸುವಂತಿಲ್ಲ. ಯುಎಪಿಎಯಂಥ ವಿಶೇಷ ಕಾಯ್ದೆಗಳಲ್ಲಿ ಮಾತ್ರ ಅದು ಸಾಧ್ಯ, ಅದಕ್ಕೂ ಷರತ್ತುಗಳಿವೆ. ತನಿಖೆ ಎಲ್ಲಿಯವರೆಗೆ ಬಂದಿದೆ, ಇದೇ ವ್ಯಕ್ತಿಯನ್ನು ಇನ್ನೂ ಬಂಧನದಲ್ಲಿಡಲು ನಿರ್ದಿಷ್ಟ ಕಾರಣವೇನು ಎಂದು ಸರ್ಕಾರಿ ಅಭಿಯೋಜಕರು ತಾವೇ ಪರಿಶೀಲಿಸಿ ವರದಿ ಕೊಡಬೇಕು. ಗಡುವು ಮುಗಿಯುವ ಮೊದಲೇ ಅದನ್ನು ಕೇಳಬೇಕು. ಮತ್ತು ಆರೋಪಿಗೆ ಅದು ತಿಳಿದಿರಬೇಕು.

ಈ ಕೊನೆಯ ಷರತ್ತಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ನಡೆದ ಗಲಭೆಯ ಪ್ರಕರಣಗಳಲ್ಲಿ ಯುಎಪಿಎ ಸೇರಿಸಲಾಗಿತ್ತು. ತನಿಖೆಯ ಅವಧಿಯನ್ನು ವಿಶೇಷ ನ್ಯಾಯಾಲಯ ವಿಸ್ತರಿಸಿತು. ಆದರೆ ಆರೋಪಿಗಳಿಗೆ ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿರಲಿಲ್ಲ. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ವಿಸ್ತರಣೆಯನ್ನು ರದ್ದುಮಾಡಿ 115 ಮಂದಿಗೆ ಡೀಫಾಲ್ಟ್ ಜಾಮೀನು ನೀಡಿತು. ಮುಂದಿನ ವರ್ಷ ಗುಜರಾತಿನ ಜಿಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು: ವಿಸ್ತರಣೆಯ ಕೋರಿಕೆ ಪರಿಶೀಲಿಸುವಾಗ ಆರೋಪಿಯನ್ನು ಖುದ್ದಾಗಿ ಅಥವಾ ವೀಡಿಯೊ ಮೂಲಕ ಹಾಜರುಪಡಿಸಿ, ವಿಷಯ ತಿಳಿಸಬೇಕು.

ಹಾಗಾಗಿ ಇಂಥ ಪ್ರಕರಣದಲ್ಲಿ "ವಿಸ್ತರಣೆ ಆಗಿದೆಯಂತೆ" ಎಂಬ ಮಾತು ಕೇಳಿ ಸುಮ್ಮನಾಗಬಾರದು. ಮೂಲ ಗಡುವು ಮುಗಿದೊಡನೆ ಅರ್ಜಿ ಹಾಕಿಡಬೇಕು. ವಿಸ್ತರಣಾ ಆದೇಶದ ಮತ್ತು ಆ ದಿನದ ಆರ್ಡರ್ ಶೀಟಿನ ಪ್ರಮಾಣಿತ ನಕಲು ತೆಗೆಸಿ, ಆರೋಪಿ ಅಂದು ಹಾಜರಿದ್ದನೇ ಎಂಬುದನ್ನು ವಕೀಲರಿಂದ ಓದಿಸಬೇಕು. ವಿಸ್ತರಣೆ ಆಮೇಲೆ ಬಿದ್ದುಹೋದರೂ, ಅರ್ಜಿಯೇ ಹಾಕದವನಿಗೆ ಅದರಿಂದ ಪ್ರಯೋಜನವಾಗುವುದು ಕಷ್ಟ.

ಆದೇಶ ಬಂದ ಮೇಲಿನ ಎಡವಟ್ಟು

ಜಾಮೀನು ಆದೇಶವಾಯಿತೆಂದು ಮನೆಯಲ್ಲಿ ನಿಟ್ಟುಸಿರು ಬಿಡುವ ಹೊತ್ತಿಗೆ ಇನ್ನೊಂದು ಗಡುವು ಓಡುತ್ತಿರುತ್ತದೆ. ಕಾನೂನು ಹೇಳುವುದು "ಜಾಮೀನು ಕೊಡಲು ಸಿದ್ಧನಿದ್ದು, ಕೊಟ್ಟರೆ" ಎಂದು. ನ್ಯಾಯಾಲಯ ಹೇಳಿದ ಅವಧಿಯೊಳಗೆ ಬಾಂಡ್ ಮತ್ತು ಜಾಮೀನುದಾರರನ್ನು ಕೊಡದೆ ಹೋದರೆ, ಅಷ್ಟರಲ್ಲಿ ಆರೋಪಪಟ್ಟಿಯೂ ಬಂದರೆ, ಗೆದ್ದ ಹಕ್ಕು ಕೈತಪ್ಪುತ್ತದೆ. 2001ರ ಉದಯ್ ಮೋಹನ್‌ಲಾಲ್ ಆಚಾರ್ಯ ತೀರ್ಪು ಅರ್ಜಿ ಹಾಕಿದವನ ಹಕ್ಕನ್ನು ಎತ್ತಿಹಿಡಿದರೂ ಈ ಎಚ್ಚರಿಕೆಯನ್ನೂ ಕೊಟ್ಟಿದೆ.

ಆದ್ದರಿಂದ ಜಾಮೀನುದಾರರನ್ನು ಆದೇಶದ ನಂತರ ಹುಡುಕುವುದಲ್ಲ, 50ನೆಯ ದಿನಕ್ಕೇ ಮಾತಾಡಿಟ್ಟುಕೊಳ್ಳಬೇಕು. ಜಮಾಅತ್‌ನಲ್ಲೋ ಬಂಧುಗಳಲ್ಲೋ ನಿಲ್ಲಲು ಒಪ್ಪಿದವರ ಹೆಸರಿನಲ್ಲೇ ಪಹಣಿ ಅಥವಾ ಮನೆಯ ಖಾತೆ ಇದೆಯೇ, ಅದು ಇನ್ನೂ ಅವರ ತಂದೆಯ ಹೆಸರಿನಲ್ಲಿದೆಯೇ, ಆಧಾರ್‌ನಲ್ಲಿರುವ ಹೆಸರಿಗೂ ಅದಕ್ಕೂ ಹೊಂದಿಕೆ ಇದೆಯೇ ಎಂದು ನೋಡಿಡಬೇಕು. ಇಂಥ ಸಣ್ಣ ವ್ಯತ್ಯಾಸಕ್ಕೆ ಜಾಮೀನುದಾರ ತಿರಸ್ಕೃತನಾಗಿ ದಿನಗಳು ಕಳೆದುಹೋಗಬಹುದು. ಇಬ್ಬರು ಬೇಕಿದ್ದರೆ ಮೂವರನ್ನು ಸಿದ್ಧವಿಡುವುದು ಒಳ್ಳೆಯದು. ಷರತ್ತು ತೀರಾ ಭಾರವಾಗಿದ್ದರೆ ಅದನ್ನು ಪ್ರಶ್ನಿಸಬಹುದು. ತಮಿಳುನಾಡಿನ ಸರವಣನ್ ಪ್ರಕರಣದಲ್ಲಿ 8 ಲಕ್ಷ ರೂಪಾಯಿ ಠೇವಣಿ ಇಡಬೇಕೆಂಬ ಷರತ್ತನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಡೀಫಾಲ್ಟ್ ಜಾಮೀನಿಗೆ ಹೀಗೆ ಹಣ ಕಟ್ಟಿಸುವಂತಿಲ್ಲ ಎಂಬುದು ಅದರ ಅಭಿಪ್ರಾಯ.

ಈ ಜಾಮೀನಿನ ಮಿತಿ

ಇದು ಖುಲಾಸೆಯಲ್ಲ. ಪ್ರಕರಣ ಹಾಗೆಯೇ ಇರುತ್ತದೆ, ಆರೋಪಪಟ್ಟಿ ಆಮೇಲೂ ಬರುತ್ತದೆ, ವಿಚಾರಣೆ ನಡೆಯುತ್ತದೆ, ಪ್ರತಿ ದಿನಾಂಕಕ್ಕೂ ಹಾಜರಾಗಬೇಕು. ಆರೋಪಪಟ್ಟಿ ಬಂದಿತೆಂಬ ಒಂದೇ ಕಾರಣಕ್ಕೆ ಮತ್ತೆ ಜೈಲಿಗೆ ಕಳುಹಿಸುವುದಿಲ್ಲ. ಆದರೆ ಷರತ್ತು ಮುರಿದರೆ, ಅಥವಾ ಗಂಭೀರ ಅಪರಾಧಕ್ಕೆ ಬಲವಾದ ಸಾಕ್ಷ್ಯವಿದೆಯೆಂದು ವಿಶೇಷ ಕಾರಣ ತೋರಿಸಿದರೆ, ಜಾಮೀನು ರದ್ದಾಗಬಹುದು ಎಂದು 2023ರಲ್ಲಿ ಗಂಗಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಡುವಿನೊಳಗೆ ಬಂದ ಆರೋಪಪಟ್ಟಿಯಲ್ಲಿ ಕೊರತೆ ಹುಡುಕಿ ಈ ಜಾಮೀನು ಪಡೆಯುವುದೂ ಸುಲಭವಲ್ಲ. ಸರ್ಕಾರದ ಪೂರ್ವಾನುಮತಿ ಇನ್ನೂ ಬಂದಿಲ್ಲ, ನ್ಯಾಯಾಲಯ ಇನ್ನೂ ಅದನ್ನು ವಿಚಾರಣೆಗೆ ಸ್ವೀಕರಿಸಿಲ್ಲ ಎಂಬ ವಾದಗಳನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಸಲ್ಲಿಕೆಯಾದ ದಿನವೇ ಇಲ್ಲಿ ಮುಖ್ಯ. ಆ ಬಳಿಕ ಉಳಿಯುವುದು ಸಾಮಾನ್ಯ ಜಾಮೀನಿನ ದಾರಿ.

ಮನೆಯಲ್ಲಿ ಯಾರಾದರೂ ಬಂಧನದಲ್ಲಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿಡಿ. ಒಂದು, ಮ್ಯಾಜಿಸ್ಟ್ರೇಟರ ಮುಂದೆ ಮೊದಲು ಹಾಜರುಪಡಿಸಿ ರಿಮಾಂಡ್ ಮಾಡಿದ ದಿನಕ್ಕೆ. ಇನ್ನೊಂದು, ಆ ದಿನವನ್ನೂ ಸೇರಿಸಿ ಎಣಿಸಿದಾಗ ಬರುವ 61ನೆಯ ಅಥವಾ 91ನೆಯ ದಿನಕ್ಕೆ. ಎರಡನೆಯ ಗುರುತಿನ ಹಿಂದಿನ ದಿನ ವಕೀಲರಿಗೆ ಕರೆ ಮಾಡಿ, "ನಾಳೆ ಬೆಳಿಗ್ಗೆ ಅರ್ಜಿ ಹಾಕುತ್ತೀರಲ್ಲವೇ ಸರ್?" ಎಂದು ಕೇಳಿ.